ಫೋಟೊದಲ್ಲೇ ಸಿಗುವ ಅಳತೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊ ಕೂರುವ ಕಿಂಡಿಗೆ ಬಹುತೇಕ ಎರಡೇ ಅಳತೆ. ಅಗಲ ಎರಡಕ್ಕೂ 180 ಮಿಲಿಮೀಟರ್. ಎತ್ತರ 50 ಇದ್ದರೆ ಸಿಂಗಲ್ ಡಿನ್, 100 ಇದ್ದರೆ ಡಬಲ್ ಡಿನ್. ನೇರವಾಗಿ ತೆಗೆದ ಫೋಟೊದಲ್ಲಿ ಅಗಲವು ಎತ್ತರದ ಮೂರೂವರೆ ಪಟ್ಟು ಕಂಡರೆ ಮೊದಲನೆಯದು, ಎರಡು ಪಟ್ಟಿಗೆ ತುಸು ಕಡಿಮೆ ಕಂಡರೆ ಎರಡನೆಯದು.

ತೊಡಕು ಇರುವುದು ಆ ‘ತುಸು ಕಡಿಮೆ’ಯಲ್ಲಿ. ಟೊಯೋಟಾದ ಹಲವು ಕಾರುಗಳ ಕಿಂಡಿ 200 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ಈ ಎರಡು ಸೆಂಟಿಮೀಟರ್ ಕಣ್ಣಳತೆಗೆ ಸಿಗುವುದಿಲ್ಲ. ಸ್ಟೀರಿಯೊದ ಮುಖಕ್ಕೆ ಒಂದು ಎಟಿಎಂ ಕಾರ್ಡ್ ತಾಗಿಸಿ ಹಿಡಿದು ಫೋಟೊ ತೆಗೆದರೆ ಸಿಗುತ್ತದೆ, ಏಕೆಂದರೆ ಯಾವ ಬ್ಯಾಂಕಿನ ಕಾರ್ಡ್ ಆದರೂ ಉದ್ದ 85.6 ಮಿ.ಮೀ. ಒಂದು ಫೋಟೊದಲ್ಲಿ ಕಾರ್ಡ್ 34 ಮಿ.ಮೀ., ಸ್ಟೀರಿಯೊ 71 ಮಿ.ಮೀ. ಕಾಣುತ್ತದೆ ಎನ್ನೋಣ. 71ನ್ನು 34ರಿಂದ ಭಾಗಿಸಿ 85.6ರಿಂದ ಗುಣಿಸಿದರೆ ಸುಮಾರು 179 ಬರುತ್ತದೆ. ಅಂದರೆ 180ರ ಸೆಟ್. ಅದೇ ಸ್ಟೀರಿಯೊ 79 ಮಿ.ಮೀ. ಕಂಡಿದ್ದರೆ ಉತ್ತರ 199, ಟೊಯೋಟಾದ ಅಳತೆ. 200ರ ಕಿಂಡಿಯಲ್ಲಿ 180ರ ಸೆಟ್ ಕೂರಿಸಿ, ಎರಡೂ ಬದಿಯ ಸಂದಿಗೆ ಪಟ್ಟಿ ಹಾಕಬಹುದು. 180ರ ಕಿಂಡಿಯೊಳಗೆ 200ರದ್ದು ಹೋಗುವುದೇ ಇಲ್ಲ.

ಚಾಲಕನ ಸೀಟಿನಲ್ಲಿ ಕೂತು ಓರೆಯಾಗಿ ತೆಗೆದ ಫೋಟೊದಿಂದ ಈ ಲೆಕ್ಕ ಹಾಕಬಾರದು. ಹತ್ತಿರದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದರೆ ಅಂಚುಗಳು ಹಿಗ್ಗುತ್ತವೆ. ಎರಡು ಮುಂದಿನ ಸೀಟುಗಳ ನಡುವೆ ಹಿಂದಕ್ಕೆ ಸರಿದು, ಸ್ಟೀರಿಯೊದ ಎತ್ತರಕ್ಕೇ ಫೋನ್ ಹಿಡಿದು ತೆಗೆದದ್ದು ನಂಬಲರ್ಹ.

ಒಂಬತ್ತು ಇಂಚಿನ ಟಚ್‌ಸ್ಕ್ರೀನ್‌ಗೆ ಈ ಅಳತೆಯೂ ಸಾಲದು. ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಫ್ರೇಮ್ ಆಯಾ ಮಾಡೆಲ್‌ಗೇ ಅಚ್ಚು ಹಾಕಿದ್ದು. 2019ರಲ್ಲಿ ವ್ಯಾಗನ್ ಆರ್‌ನ ಇಡೀ ರೂಪ ಬದಲಾಯಿತು. ಹೆಸರು ಒಂದೇ ಎಂದು ಹಳೆಯದರ ಫ್ರೇಮ್ ತಂದರೆ ಹೊಸದಕ್ಕೆ ಕೂರದು. ಆದ್ದರಿಂದ ಫೋಟೊದಲ್ಲಿ ಎಸಿ ಗಾಳಿಕಿಂಡಿಗಳು, ಅವುಗಳ ಕೆಳಗಿನ ಗುಂಡಿಗಳು, ಸ್ಟೀರಿಂಗ್ ಎಲ್ಲವೂ ಸೇರಿರಬೇಕು. ಸ್ಟೀರಿಂಗ್ ಮೇಲೆ ವಾಲ್ಯೂಮ್ ಗುಂಡಿಗಳಿದ್ದರೆ ಅವುಗಳಿಗೆ ಹೊಂದುವ ಸೆಟ್ ಬೇಕೆಂಬುದೂ ಅಲ್ಲೇ ತಿಳಿಯುತ್ತದೆ. ಹಿಂಬದಿಯ ವೈರಿಂಗ್ ಕಪ್ಲರ್ ಮತ್ತು ಕಿಂಡಿಯ ಆಳ ಮಾತ್ರ ಸ್ಟೀರಿಯೊ ಬಿಚ್ಚದ ಹೊರತು ಯಾವ ಫೋಟೊದಲ್ಲೂ ಕಾಣುವುದಿಲ್ಲ.

ಸೀಟ್ ಕವರ್‌ಗೆ ಫೋಟೊದಲ್ಲಿ ನೋಡಬೇಕಾದ್ದು ಹೆಡ್‌ರೆಸ್ಟ್ ಬೇರೆಯಾಗಿ ಎದ್ದು ಬರುತ್ತದೆಯೋ, ಹಿಂದಿನ ಸೀಟು ಇಡಿಯಾಗಿ ಮಡಚುತ್ತದೆಯೋ ಅಥವಾ ಎರಡು ಭಾಗವಾಗಿಯೋ ಎಂಬುದು. ಬಾಗಿಲು ತೆರೆದು ಮುಂದಿನ ಸೀಟಿನ ಹೊರಬದಿಯನ್ನೂ ತೆಗೆಯಬೇಕು. ಅಲ್ಲಿ AIRBAG ಎಂಬ ಪುಟ್ಟ ಪಟ್ಟಿ ಹೊಲಿದಿದ್ದರೆ ಆ ಬದಿಯಲ್ಲಿ ಸುಲಭವಾಗಿ ಹರಿಯುವ ಹೊಲಿಗೆಯ ಕವರೇ ಬೇಕು. ಸಾಮಾನ್ಯ ಕವರ್ ಬಿಗಿದರೆ ಅಪಘಾತದ ಹೊತ್ತಿಗೆ ಗಾಳಿಚೀಲ ಸರಿಯಾಗಿ ಬಿಚ್ಚಿಕೊಳ್ಳದೇ ಹೋಗಬಹುದು.

ಮ್ಯಾಟ್‌ಗೆ ಚಾಲಕನ ಕಾಲಿನ ಜಾಗವನ್ನು ಖಾಲಿ ಮಾಡಿ ಫೋಟೊ ತೆಗೆಯಬೇಕು. ಪೆಡಲ್ ಎರಡೋ ಮೂರೋ, ಎಡಗಾಲು ಇಡುವ ಮೆಟ್ಟು ಇದೆಯೋ, ನೆಲದ ಕೊಕ್ಕೆಗಳು ಎಲ್ಲೆಲ್ಲಿವೆ ಎಂಬುದರ ಮೇಲೆ ಮ್ಯಾಟಿನ ಆಕಾರ ನಿಂತಿದೆ. ಕೊಕ್ಕೆಯ ಜಾಗಕ್ಕೆ ತೂತು ಇಲ್ಲದ ಮ್ಯಾಟ್ ಮುಂದಕ್ಕೆ ಜಾರಿ ಆಕ್ಸಿಲರೇಟರ್ ಪೆಡಲ್‌ಗೆ ಸಿಕ್ಕಿಕೊಳ್ಳಬಹುದು.