ಹಬ್ಬದ ರಿಯಾಯಿತಿ: ಸೆಲೂನ್ ಮಾಲೀಕರ ಪತ್ರದಲ್ಲಿ ಇರಬೇಕಾದ್ದೇನು?

ದಸರಾ, ದೀಪಾವಳಿ ಹತ್ತಿರವಾದಂತೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಕಚೇರಿಗೆ ಒಂದು ಬಗೆಯ ಪತ್ರ ಬರತೊಡಗುತ್ತದೆ. ಸಿಹಿ ಅಂಗಡಿಯದ್ದು, ಸೀರೆ ಮಾರುವವರದ್ದು, ಜೊತೆಗೆ ಬೀದಿ ತುದಿಯ ಸೆಲೂನಿನದ್ದು. ‘ತಮ್ಮ ನಿವಾಸಿಗಳಿಗೆಲ್ಲ ಶೇ. 20 ರಿಯಾಯಿತಿ’ ಎಂಬ ಒಂದು ಸಾಲು, ಕೆಳಗೆ ಫೋನ್ ನಂಬರ್. ಸೆಕ್ರೆಟರಿ ಓದುತ್ತಾರೆ, ಫೈಲಿಗೆ ಸೇರಿಸುತ್ತಾರೆ, ಅಲ್ಲಿಗೆ ಮುಗಿಯಿತು.

ಶೇ. 20 ಬಿಟ್ಟುಕೊಡುವುದೆಂದರೆ ಮಾಲೀಕರಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಸಾವಿರ ರೂಪಾಯಿಯ ಬಿಲ್ಲಿನಲ್ಲಿ ಕ್ರೀಮು, ಬಣ್ಣ, ಟವೆಲ್ ಒಗೆತ, ಕೆಲಸದವರ ಕಮಿಷನ್ ಎಲ್ಲ ಸೇರಿ 350 ರೂಪಾಯಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಉಳಿಯುವುದು 650. ರಿಯಾಯಿತಿ ಕೊಟ್ಟರೆ ಬಿಲ್ಲು 800ಕ್ಕೆ ಇಳಿಯುತ್ತದೆ, ಖರ್ಚು ಹಾಗೇ ಇರುತ್ತದೆ, ಕೈಗೆ ಬರುವುದು 450. ಮೊದಲು ನೂರು ಜನರಿಂದ ಬರುತ್ತಿದ್ದ ಹಣಕ್ಕೆ ಈಗ 145 ಜನ ಬೇಕು. ಶನಿವಾರ, ಭಾನುವಾರ ಕುರ್ಚಿಗಳು ಹೇಗೂ ತುಂಬಿರುತ್ತವೆ. ಹೆಚ್ಚುವರಿ 45 ಜನರನ್ನು ಕೂರಿಸುವುದೆಲ್ಲಿ? ಹಾಗಾಗಿ ರಿಯಾಯಿತಿಯನ್ನು ಖಾಲಿ ಕುರ್ಚಿಗೆ ಕೊಡಬೇಕೇ ಹೊರತು ಬಂದವರಿಗೆಲ್ಲ ಅಲ್ಲ.

ಖಾಲಿ ಕುರ್ಚಿ ಸಿಗುವುದು ವಾರದ ದಿನಗಳಲ್ಲಿ, ಬೆಳಗ್ಗೆ 11ರಿಂದ ಸಂಜೆ 4ರೊಳಗೆ. ಆದರೆ ಪತ್ರದಲ್ಲಿ ‘ಸೋಮವಾರದಿಂದ ಶುಕ್ರವಾರದವರೆಗೆ’ ಎಂದು ಬರೆದರೆ ನಮ್ಮ ಕಡೆ ಕೆಲಸ ಕೆಡುತ್ತದೆ. ಮಂಗಳವಾರ ಎಷ್ಟೋ ಸೆಲೂನುಗಳು ಮುಚ್ಚಿರುತ್ತವೆ. ತೆರೆದಿದ್ದರೂ ಆ ದಿನ, ಶುಕ್ರವಾರ ಕೂದಲು ಕತ್ತರಿಸಿಕೊಳ್ಳದ ಮನೆಗಳು ಬಹಳ. ರಾಯರ ಭಕ್ತರಲ್ಲಿ ಕೆಲವರು ಗುರುವಾರವೂ ಬೇಡ ಎನ್ನುತ್ತಾರೆ. ಪಿತೃಪಕ್ಷದಲ್ಲಿ ಹಲವರು ಕ್ಷೌರ ಮಾಡಿಸುವುದಿಲ್ಲ, ನವರಾತ್ರಿಯ ಒಂಬತ್ತು ದಿನವೂ ಇದೇ ಕತೆ. ಹೇರ್‌ಕಟ್‌ಗೆ ನಿಜವಾಗಿ ಜನ ಬರುವುದು ವಿಜಯದಶಮಿಯಿಂದ ನರಕ ಚತುರ್ದಶಿಯ ನಡುವಿನ ಸುಮಾರು 18 ದಿನಗಳಲ್ಲಿ. ಕ್ಯಾಲೆಂಡರ್ ಬಿಡಿಸಿ ನೋಡಿದ ಮಾಲೀಕರು ‘ಹೇರ್‌ಕಟ್‌ಗೆ ಸೋಮವಾರ, ಬುಧವಾರ, ಫೇಶಿಯಲ್‌ಗೆ ಶುಕ್ರವಾರವೂ’ ಎಂದು ಬೇರೆ ಬೇರೆಯಾಗಿ ಬರೆಯುತ್ತಾರೆ. ನಾಲ್ಕು ಕುರ್ಚಿಯ ಅಂಗಡಿಯಲ್ಲಿ ಒಬ್ಬರಿಗೆ ಒಂದು ಗಂಟೆ ಹಿಡಿದರೆ, ಐದು ಗಂಟೆಗೆ 20 ಜನ. ಈ ಸಂಖ್ಯೆಯೂ ಪತ್ರದಲ್ಲಿ ಇರಬೇಕು.

ಇಷ್ಟೆಲ್ಲ ಯೋಚಿಸಿ ಬರೆದ ಪತ್ರದ ಮುಖ್ಯ ಭಾಗ ಹೀಗಿರಬಹುದು:

‘ಮಾನ್ಯರೇ, ತಮ್ಮ ಸಮುಚ್ಚಯದ ನಿವಾಸಿಗಳಿಗಾಗಿ ವಿಜಯದಶಮಿಯ ಮರುದಿನದಿಂದ ನರಕ ಚತುರ್ದಶಿಯ ಎರಡು ದಿನ ಮುಂಚಿನವರೆಗೆ, ಲಗತ್ತಿಸಿರುವ ದರಪಟ್ಟಿಯ ಮೇಲೆ ಶೇ. 20 ಕಡಿತ ನೀಡುತ್ತೇವೆ. ಒಂದೇ ವಾರದಲ್ಲಿ ಕನಿಷ್ಠ ಹತ್ತು ಮಂದಿ ಹೆಸರು ನೋಂದಾಯಿಸಿದರೆ ಸಾಕು, ಎಲ್ಲರೂ ಒಟ್ಟಿಗೆ ಬರಬೇಕಿಲ್ಲ. ದಿನಕ್ಕೆ 20 ಮಂದಿಗೆ ಮಾತ್ರ ಅವಕಾಶ. ದರಪಟ್ಟಿಯಲ್ಲಿ ಜಿಎಸ್‌ಟಿ ಸೇರಿದೆ.’

‘ಒಟ್ಟಿಗೆ ಬರಬೇಕಿಲ್ಲ’ ಎಂಬ ಸ್ಪಷ್ಟನೆ ಬಹಳ ಪತ್ರಗಳಲ್ಲಿ ಇರುವುದಿಲ್ಲ. ಗುಂಪಿನ ರಿಯಾಯಿತಿ ಎಂದು ಓದಿದ ಹತ್ತು ಹೆಂಗಸರು ಒಂದೇ ಮಧ್ಯಾಹ್ನ ಹೋಗಿ, ಆರು ಮಂದಿ ಸೋಫಾದ ಮೇಲೆ ಕಾದು ಕೂತರೆ, ಆ ಬೈಗುಳ ಸಂಘದ ವಾಟ್ಸಾಪ್ ಗ್ರೂಪಿಗೇ ಬರುತ್ತದೆ. ದರಪಟ್ಟಿ ಲಗತ್ತಿಸುವುದಕ್ಕೂ ಕಾರಣ ಇದೆ. ಹಬ್ಬಕ್ಕೆ ಮುಂಚೆ ದರ ಏರಿಸಿ ಆಮೇಲೆ ಇಳಿಸಿದರೆ ಹೋದ ತಿಂಗಳ ಬಿಲ್ಲು ಇರುವವರು ಹಿಡಿದುಬಿಡುತ್ತಾರೆ.

ಜಿಎಸ್‌ಟಿ ವಿಷಯದಲ್ಲಿ ಸಂಘದವರೂ ಒಂದು ಕಣ್ಣಿಡಬೇಕು. 2025ರ ಸೆಪ್ಟೆಂಬರ್ 22ರಿಂದ ಸೆಲೂನ್ ಸೇವೆಗಳ ಮೇಲಿನ ತೆರಿಗೆ ಶೇ. 18ರಿಂದ 5ಕ್ಕೆ ಇಳಿದಿದೆ. ಹಳೆಯ ದರದಲ್ಲೇ ತೆರಿಗೆ ಹಾಕಿದ ಬಿಲ್ಲು ಬಂದರೆ ರಿಯಾಯಿತಿಯ ಸುಮಾರು ಅರ್ಧ ಅಲ್ಲೇ ಹೋಯಿತು. ಜಿಎಸ್‌ಟಿ ನೋಂದಣಿಯೇ ಇಲ್ಲದ ಸಣ್ಣ ಪಾರ್ಲರ್ ತೆರಿಗೆ ಎಂದು ಏನನ್ನೂ ವಸೂಲಿ ಮಾಡುವಂತಿಲ್ಲ.

ಕೂದಲಿಗೆ ಬಣ್ಣ ಹಾಕಿಸುವವರಿಗೆ ಪತ್ರದಲ್ಲಿ ಇನ್ನೊಂದು ಸಾಲು ಬೇಕು. ಹೇರ್ ಡೈ ಕೆಲವರಿಗೆ ಅಲರ್ಜಿ; ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ನೋಡಬೇಕು. ಅಂದರೆ ಅವರು ಎರಡು ಸಲ ಬರಬೇಕು. ಬಣ್ಣ ಹಾಕಿಸಿದ ಮರುದಿನವೇ ಎಣ್ಣೆ ಹಚ್ಚಿ ಸೀಗೆಕಾಯಿಯಲ್ಲಿ ತಲೆ ತಿಕ್ಕಿದರೆ ಹೊಸ ಬಣ್ಣ ಬೇಗ ಮಂಕಾಗುತ್ತದೆ. ಮೇಲಿನ ಪತ್ರ ನರಕ ಚತುರ್ದಶಿಯ ಎರಡು ದಿನ ಮುಂಚೆಯೇ ಮುಗಿಸಿದ್ದು ಇದಕ್ಕೇ.

ಕೆಲವು ಮಾಲೀಕರು ಪತ್ರದ ಕೊನೆಗೆ ‘ನಿವಾಸಿಗಳ ಫೋನ್ ನಂಬರುಗಳ ಪಟ್ಟಿ ಕೊಟ್ಟರೆ ಅನುಕೂಲ’ ಎಂದು ಸೇರಿಸುತ್ತಾರೆ. ನಿರ್ವಹಣೆಗೆಂದು ಪಡೆದ ನಂಬರುಗಳನ್ನು ಸೆಕ್ರೆಟರಿ ಹಾಗೆ ಹಂಚಬಾರದು. ನೋಟಿಸ್ ಬೋರ್ಡಿಗೆ ಪತ್ರ ಅಂಟಿಸಿ, ಬೇಕಾದವರು ತಾವೇ ಕರೆ ಮಾಡಲಿ ಎಂದರಾಯಿತು. ಪದಾಧಿಕಾರಿಗಳಿಗೆ ಉಚಿತ ಸೇವೆ ಎಂಬ ಮಾತು ಬಂದರೆ ಅದನ್ನು ಅಲ್ಲೇ ನಿಲ್ಲಿಸಬೇಕು, ಇಲ್ಲವಾದರೆ ಮುಂದಿನ ಸಭೆಯಲ್ಲಿ ಆಡಳಿತದ ಬೇರೆ ಯಾವ ವಿಷಯವೂ ಚರ್ಚೆಗೆ ಬರುವುದಿಲ್ಲ!

ಇನ್ನು ಪತ್ರ ಯಾವಾಗ ಕೊಡಬೇಕು? ಬಹುತೇಕ ಕಮಿಟಿಗಳು ಸೇರುವುದು ತಿಂಗಳಿಗೊಮ್ಮೆ, ಭಾನುವಾರ. ಆ ಸಭೆಗೆ ಮುಂಚೆ ಸೆಕ್ರೆಟರಿ ಕೈಗೆ ಪತ್ರ ತಲುಪಬೇಕೆಂದರೆ ಗಣೇಶನ ಹಬ್ಬ ಮುಗಿದ ಕೂಡಲೇ ಬರೆಯಬೇಕು. ಆಯುಧಪೂಜೆಯ ವಾರದಲ್ಲಿ ತಂದುಕೊಟ್ಟ ಪತ್ರ ಚರ್ಚೆಗೆ ಬರುವಷ್ಟರಲ್ಲಿ ಪಟಾಕಿ ಹೊಡೆದು ಮುಗಿದಿರುತ್ತದೆ.