ಮಾತ್ರೆ ತಗೊಂಡ ಮೇಲೆ ಬಾಯಿ ಹುಣ್ಣು, ಸುಲಿಯುವ ಚರ್ಮ: ‘ಅಲರ್ಜಿ’ ಅಂತ ಮನೆಯಲ್ಲಿ ಕೂರಬೇಡಿ

ಮಾತ್ರೆಯಿಂದ ಮೈಮೇಲೆ ತುರಿಕೆ, ದದ್ದು ಏಳುವುದು ಹೊಸದೇನಲ್ಲ. ಬಹಳಷ್ಟು ಸಲ ಮಾತ್ರೆ ನಿಲ್ಲಿಸಿದರೆ ಕೆಲವು ದಿನದಲ್ಲಿ ಇಳಿದುಹೋಗುತ್ತದೆ. ಆದರೆ ಅಪರೂಪಕ್ಕೆ ಬರುವ ಇನ್ನೊಂದು ಬಗೆ ಇದೆ. ಅದರಲ್ಲಿ ಜ್ವರ ಬರುತ್ತದೆ, ಬಾಯಿ ತುಂಬ ಹುಣ್ಣಾಗುತ್ತದೆ, ಕಣ್ಣು ಕೆಂಪಗಾಗಿ ಉರಿಯುತ್ತದೆ, ಆಮೇಲೆ ಚರ್ಮ ಬೆಂಕಿಗೆ ಬೆಂದ ಹಾಗೆ ಸುಲಿಯಲು ಶುರುವಾಗುತ್ತದೆ. ಡಾಕ್ಟರುಗಳು ಇದನ್ನು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಚಿಕ್ಕದಾಗಿ ಎಸ್‌ಜೆಎಸ್ ಅಂತಾರೆ. 1922ರಲ್ಲಿ ಇದನ್ನು ವಿವರಿಸಿ ಬರೆದ ಅಮೆರಿಕದ ಇಬ್ಬರು ವೈದ್ಯರ ಹೆಸರು ಅದು. ಮೈಯ ಶೇ. 30ಕ್ಕಿಂತ ಹೆಚ್ಚು ಚರ್ಮ ಸುಲಿದರೆ ಅದೇ ಕಾಯಿಲೆಗೆ ಟೆನ್ ಅಂತ ಹೆಸರು. ಆ ಹಂತಕ್ಕೆ ಹೋದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಉಳಿಯುವುದಿಲ್ಲ.

ತಪ್ಪು ಮಾತ್ರೆ ಮೇಲೆ ಅನುಮಾನ

ಇದರಲ್ಲಿ ದೊಡ್ಡ ಮೋಸ ಇರುವುದು ದಿನಗಳ ಲೆಕ್ಕದಲ್ಲಿ. ಮಾತ್ರೆ ನುಂಗಿದ ದಿನವೇ ಇದು ಬರುವುದಿಲ್ಲ. ಮೊದಲ ಸಲ ಆ ಔಷಧ ಶುರು ಮಾಡಿದವರಿಗೆ ಸಾಮಾನ್ಯವಾಗಿ 4 ದಿನದಿಂದ 4 ವಾರದ ಒಳಗೆ, ಕೆಲವೊಮ್ಮೆ 8 ವಾರದವರೆಗೂ ತಡವಾಗಿ ಬರುತ್ತದೆ. ಹಿಂದೆ ಒಮ್ಮೆ ಅದೇ ಔಷಧದಿಂದ ಹೀಗಾಗಿದ್ದರೆ ಮಾತ್ರ ಒಂದೆರಡು ದಿನದಲ್ಲೇ ಮರುಕಳಿಸಬಹುದು.

ಒಂದು ಉದಾಹರಣೆ ನೋಡಿ. ಕೆನ್ನೆಯಲ್ಲಿ ಕರೆಂಟ್ ಹೊಡೆದ ಹಾಗೆ ನರನೋವು ಬರುತ್ತಿದ್ದ ಅಂಗಡಿಯವರೊಬ್ಬರಿಗೆ ಜೂನ್ 1ರಂದು ಕಾರ್ಬಮಜೆಪಿನ್ ಮಾತ್ರೆ ಶುರುವಾಯಿತು ಅಂದುಕೊಳ್ಳಿ. ನೋವು ಇಳಿಯಿತು, ಆರಾಮಾಗಿದ್ದರು. ಜೂನ್ 14ಕ್ಕೆ ಜ್ವರ, ಗಂಟಲು ನೋವು, ಕಣ್ಣುರಿ. ‘ವೈರಲ್ ಜ್ವರ’ ಅಂತ ಮೆಡಿಕಲ್‌ನಲ್ಲಿ ಜ್ವರದ ಮಾತ್ರೆ ತಂದು ನುಂಗಿದರು. 15ಕ್ಕೆ ತುಟಿ ಊದಿ ಒಡೆಯಿತು, ಗಂಜಿ ಕುಡಿಯಲೂ ಆಗಲಿಲ್ಲ. 16ಕ್ಕೆ ಎದೆ, ಮುಖದ ಮೇಲೆ ಕಪ್ಪುಗೆಂಪು ಮಚ್ಚೆ. 17ಕ್ಕೆ ಬೆನ್ನಿನ ಚರ್ಮ ಸುಲಿಯಿತು.

ಆಸ್ಪತ್ರೆಗೆ ಬಂದವರು ಏನಂತಾರೆ? “ಮೂರು ದಿನದ ಹಿಂದೆ ಜ್ವರದ ಮಾತ್ರೆ ತಗೊಂಡೆ ಸಾರ್, ಅದರಿಂದ ಹೀಗಾಯ್ತು.” ಆದರೆ ಆ ಮಾತ್ರೆ ತಂದಿದ್ದೇ ಜ್ವರ ಬಂದಮೇಲೆ. ಅಂದರೆ ಕಾಯಿಲೆ ಆಗಲೇ ಶುರುವಾಗಿತ್ತು. ನಿಜವಾದ ಅನುಮಾನ ಹೋಗಬೇಕಾದದ್ದು ಎರಡು ವಾರದ ಹಿಂದೆ ಶುರುವಾದ ನರದ ಮಾತ್ರೆಯ ಮೇಲೆ. ಅದನ್ನು ಹೇಳದೆ ಬಿಟ್ಟರೆ, ಅದೇ ಮಾತ್ರೆ ದಿನಾ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ. ಕಾರಣವಾದ ಔಷಧವನ್ನು ಎಷ್ಟು ಬೇಗ ನಿಲ್ಲಿಸಿದರೆ ಬದುಕುಳಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹೆಚ್ಚಾಗಿ ಕಾರಣವಾಗುವ ಔಷಧಗಳು ಕೆಲವೇ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್, ಲ್ಯಾಮೋಟ್ರಿಜಿನ್. ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್. ಕೋಟ್ರೈಮಾಕ್ಸಜೋಲ್‌ನಂಥ ಸಲ್ಫಾ ಔಷಧ. ಎಚ್‌ಐವಿಗೆ ಕೊಡುವ ನೆವಿರಪಿನ್. ನೋವಿನ ಮಾತ್ರೆಗಳಲ್ಲಿ ಪಿರಾಕ್ಸಿಕಾಮ್, ಮೆಲಾಕ್ಸಿಕಾಮ್. ಇವನ್ನು ತಗೊಳ್ಳುವ ಬಹುತೇಕರಿಗೆ ಏನೂ ಆಗುವುದಿಲ್ಲ. ಹಾಗಾಗಿ ಯಾವ ತೊಂದರೆಯೂ ಇಲ್ಲದವರು ಈ ಪಟ್ಟಿ ನೋಡಿ ಹೆದರಿ ಮಾತ್ರೆ ಬಿಡಬೇಡಿ.

‘ಅಮ್ಮ’ ಅಂತ ಬೇವಿನ ಸೊಪ್ಪು ಹಾಸುವ ಮುನ್ನ

ಜ್ವರದ ಜೊತೆ ಬೊಬ್ಬೆ ಎದ್ದರೆ ನಮ್ಮ ಕಡೆ ಮೊದಲು ನೆನಪಾಗುವುದು ‘ಅಮ್ಮ’. ಆಸ್ಪತ್ರೆಗೆ ಹೋಗದೆ ಬೇವಿನ ಸೊಪ್ಪಿನ ಮೇಲೆ ಮಲಗಿಸಿಬಿಡುತ್ತಾರೆ. ವ್ಯತ್ಯಾಸ ಹೀಗಿದೆ: ಸೀತಾಳೆಸಿಡುಬಿನಲ್ಲಿ ಬಿಡಿಬಿಡಿಯಾದ ಸಣ್ಣ ನೀರುಗುಳ್ಳೆ ಏಳುತ್ತವೆ, ತುರಿಕೆ ಹೆಚ್ಚು. ಇದರಲ್ಲಿ ತುರಿಕೆಗಿಂತ ನೋವು ಹೆಚ್ಚು. ಬಟ್ಟೆ ತಾಗಿದರೂ ಸುಟ್ಟ ಹಾಗೆ ಆಗುತ್ತದೆ. ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ. ತುಟಿ, ಬಾಯಿಯ ಒಳಪದರ ಕಿತ್ತುಬರುತ್ತದೆ. ಕಣ್ಣು ತೆರೆಯಲು ಕಷ್ಟ, ಮೂತ್ರ ಮಾಡುವಾಗ ಉರಿ. ಇತ್ತೀಚೆಗೆ ಹೊಸ ಔಷಧ ಶುರುವಾಗಿದ್ದು, ದದ್ದಿನ ಜೊತೆ ಬಾಯಿ ಅಥವಾ ಕಣ್ಣಿಗೂ ತೊಂದರೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಅನುಮಾನ ಇದ್ದರೂ ಸರಿ, ಡಾಕ್ಟರೇ ನೋಡಿ ಹೇಳಲಿ.

ತುರ್ತು ಯಾಕೆ ಅಂದರೆ, ಚರ್ಮ ಹೋದ ಮೇಲೆ ಮೈಯ ನೀರು ಸೋರಿಹೋಗುತ್ತದೆ, ಸೋಂಕು ನೇರವಾಗಿ ಒಳಗೆ ನುಗ್ಗುತ್ತದೆ. ಬಾಯಿ ಹುಣ್ಣಿನಿಂದ ನೀರು ಕುಡಿಯಲೂ ಆಗುವುದಿಲ್ಲ. ಇಂದು ಅಂಗೈಯಷ್ಟು ಸುಲಿದದ್ದು ಎರಡು ಮೂರು ದಿನದಲ್ಲಿ ಬೆನ್ನಿಡೀ ಹರಡಬಹುದು. ಜೀವ ಉಳಿದರೂ ಕಣ್ಣಿನ ಒಳಪದರ ಅಂಟಿಕೊಂಡು, ಕಲೆಗಟ್ಟಿ, ದೃಷ್ಟಿ ಹೋಗುವ ಅಪಾಯ ಇದೆ. ಅದಕ್ಕೇ ಮೊದಲ ಒಂದೆರಡು ದಿನದಲ್ಲೇ ಕಣ್ಣಿನ ಡಾಕ್ಟರೂ ನೋಡಬೇಕು.

ತಕ್ಷಣ ಏನು ಮಾಡಬೇಕು

ಅನುಮಾನದ ಮಾತ್ರೆಯ ಮುಂದಿನ ಡೋಸ್ ಕೊಡದೆ ನೇರ ಆಸ್ಪತ್ರೆಗೆ ಹೊರಡಿ, ಬೇಕಾದರೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ಮಾತ್ರೆ ಆಗಿದ್ದರೆ ಅದನ್ನು ನಿಲ್ಲಿಸಿ ಮನೆಯಲ್ಲಿ ಕೂರುವಂತಿಲ್ಲ, ಫಿಟ್ಸ್ ಮರಳಬಹುದು. ಬದಲಿ ಔಷಧ ಏನು ಅಂತ ಅಂದೇ ಆಸ್ಪತ್ರೆಯಲ್ಲಿ ತೀರ್ಮಾನ ಆಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಶುರು ಮಾಡಬಹುದು. ಆದರೆ ಮುಂದಕ್ಕೆ ಚರ್ಮದ ಡಾಕ್ಟರು, ಕಣ್ಣಿನ ಡಾಕ್ಟರು, ಐಸಿಯು ಅಥವಾ ಸುಟ್ಟಗಾಯದ ವಾರ್ಡ್ ಇರುವ ದೊಡ್ಡ ಆಸ್ಪತ್ರೆ ಬೇಕು. ಎಲ್ಲಿಗೆ ಕಳಿಸುತ್ತೀರಿ ಅಂತ ಆಗಲೇ ಕೇಳಿ.

ಅರಿಶಿನ, ತುಪ್ಪ, ಸುಟ್ಟಗಾಯದ ಮುಲಾಮು ಯಾವುದನ್ನೂ ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ, ಸುಲಿದ ಚರ್ಮ ಎಳೆಯಬೇಡಿ. ಶುಭ್ರವಾದ ಮೆತ್ತನೆ ಬಟ್ಟೆ ಹೊದಿಸಿ ಕರೆದೊಯ್ಯಿರಿ. ಮೆಡಿಕಲ್‌ನಿಂದ ಇನ್ನೊಂದು ನೋವಿನ ಮಾತ್ರೆ, ಆ್ಯಂಟಿಬಯಾಟಿಕ್, ಸ್ಟೆರಾಯ್ಡ್ ತಂದು ನುಂಗಿಸಬೇಡಿ.

ಡಾಕ್ಟರಿಗೆ ಹೇಳಬೇಕಾದದ್ದು

ಒಬ್ಬರು ರೋಗಿಯನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಮನೆಯಲ್ಲಿರುವ ಮಾತ್ರೆ ಪಟ್ಟಿ, ಚೀಟಿ, ಮೆಡಿಕಲ್ ಬಿಲ್ ಎಲ್ಲ ಒಂದು ಕವರಿಗೆ ಹಾಕಿಕೊಳ್ಳಲಿ. ಖಾಲಿ ಪಟ್ಟಿಯನ್ನೂ ಬಿಡಬೇಡಿ. ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ:

1. ಕಳೆದ 8 ವಾರದಲ್ಲಿ ತಗೊಂಡ ಎಲ್ಲ ಔಷಧ, ಪ್ರತಿಯೊಂದನ್ನೂ ಶುರು ಮಾಡಿದ ದಿನ, ಕೊನೆಯ ಡೋಸ್ ತಗೊಂಡ ದಿನ. ಇಂಜೆಕ್ಷನ್, ನಾಟಿ ಔಷಧ, ಪಕ್ಕದ ಮನೆಯವರು ಕೊಟ್ಟ ಮಾತ್ರೆಯೂ ಸೇರಲಿ.
2. ಜ್ವರ, ಬಾಯಿ ಹುಣ್ಣು, ಕಣ್ಣುರಿ, ದದ್ದು, ಚರ್ಮ ಸುಲಿಯುವುದು ಯಾವ್ಯಾವ ದಿನ ಶುರುವಾಯಿತು.
3. ನೀರು ಕುಡಿಯಲು ಆಗುತ್ತಿದೆಯೇ, ಕೊನೆಗೆ ಮೂತ್ರ ಆಗಿದ್ದು ಯಾವಾಗ, ಉಸಿರಾಟಕ್ಕೆ ತೊಂದರೆ ಇದೆಯೇ.
4. ಹಿಂದೆ ಯಾವುದಾದರೂ ಔಷಧ ಆಗಿಬಂದಿರಲಿಲ್ಲವೇ. ಕಿಡ್ನಿ ತೊಂದರೆ, ಟಿಬಿ, ಎಚ್‌ಐವಿ, ಗರ್ಭಿಣಿ ಆಗಿದ್ದರೆ ಅದೂ. ಮುಜುಗರಕ್ಕೆ ಮುಚ್ಚಿಟ್ಟರೆ ಕಾರಣವೇ ತಪ್ಪಿಹೋಗಬಹುದು.

ಮಾತ್ರೆ ಕೊಟ್ಟ ಮೆಡಿಕಲ್‌ನವರೂ ಹಳೆ ಬಿಲ್ ತೆಗೆದು ಹೆಸರು, ದಿನಾಂಕ ಹೇಳಿದರೆ ಅರ್ಧ ಕೆಲಸ ಆದಂತೆ.

ಮನೆಗೆ ಬಂದ ಮೇಲೆ

ಕಾರಣವಾದ ಔಷಧವನ್ನು ಜೀವನದಲ್ಲಿ ಮತ್ತೆ ಮುಟ್ಟುವಂತಿಲ್ಲ. ಒಂದೇ ಔಷಧ ಹತ್ತಾರು ಕಂಪನಿ ಹೆಸರಲ್ಲಿ ಮಾರಾಟ ಆಗುವುದರಿಂದ, ಪಟ್ಟಿಯ ಮೇಲಿನ ಕಂಪನಿ ಹೆಸರಲ್ಲ, ಒಳಗಿನ ಔಷಧದ ಹೆಸರನ್ನು ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ. ಅದನ್ನೇ ಒಂದು ಕಾರ್ಡ್‌ನಲ್ಲಿ ಬರೆದು ಪರ್ಸಿನಲ್ಲಿಡಿ. ಕಾರ್ಬಮಜೆಪಿನ್ ಆಗದವರಿಗೆ ಅದೇ ಜಾತಿಯ ಫೆನಿಟಾಯಿನ್, ಫಿನೋಬಾರ್ಬಿಟೋನ್ ಕೂಡ ಅಪಾಯ ಆಗಬಹುದು. ಹಾಗಾಗಿ ಯಾವುದೆಲ್ಲ ಬೇಡ ಅಂತಲೂ ಕೇಳಿ ಬರೆಸಿಕೊಳ್ಳಿ. ಔಷಧದ ಅಡ್ಡಪರಿಣಾಮವನ್ನು ರೋಗಿಯ ಕಡೆಯವರೇ ಸರ್ಕಾರಕ್ಕೆ ತಿಳಿಸಲು 1800-180-3024 ಎಂಬ ಉಚಿತ ಸಹಾಯವಾಣಿ ಇದೆ.