ದೊಡ್ಡಪ್ಪನ ಗಡ್ಡ ತೆಗೆದಿದ್ದು

ದೊಡ್ಡಪ್ಪ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ತಿಥಿಯ ಹೊತ್ತಿಗೆ ಗೋಡೆಗೊಂದು ದೊಡ್ಡ ಫೋಟೊ ಹಾಕಿಸಬೇಕು ಎಂದು ಮನೆಯಲ್ಲಿ ಮಾತಾಯಿತು. ಹುಡುಕಿದರೆ ಸಿಕ್ಕಿದ್ದು ಒಂದೇ ಒಂದು ಒಳ್ಳೆಯ ಫೋಟೊ. ಶಬರಿಮಲೆಗೆ ಹೋಗಿ ಬಂದ ಮರುದಿನ ಮಾಲೆ ತೆಗೆದು, ಬಿಳಿ ಶರ್ಟ್ ಹಾಕಿಕೊಂಡು ಜಗುಲಿಯ ಕುರ್ಚಿಯಲ್ಲಿ ಕೂತಿದ್ದಾಗ ನಾನೇ ಮೊಬೈಲ್‌ನಲ್ಲಿ ತೆಗೆದಿದ್ದು. ಕಣ್ಣು ಸ್ಪಷ್ಟವಾಗಿದೆ, ಮುಖದಲ್ಲಿ ನಗುವಿದೆ. ಜೊತೆಗೆ ವ್ರತದ 41 ದಿನಗಳ ಗಡ್ಡವೂ ಇದೆ.

‘ಇದು ಬ್ಯಾಡ ಕಣಪ್ಪ’ ಎಂದರು ದೊಡ್ಡಮ್ಮ. ‘ವರ್ಷಕ್ಕೊಂದ್ಸಲ ಬಿಟ್ರೆ ಅವರು ಗಡ್ಡ ಬಿಟ್ಟೋರೇ ಅಲ್ಲ. ಮೀಸೆ ಇರ್ಲಿ, ಗಡ್ಡ ತೆಗ್ದುಬಿಡು. ನೀನು ಕಂಪ್ಯೂಟರ್ ಓದೋನು ತಾನೆ?’

ನಾನು ಓದುತ್ತಿರುವುದು ಮೆಕ್ಯಾನಿಕಲ್. ಆದರೆ ಮನೆಯವರಿಗೆ ಎಂಜಿನಿಯರಿಂಗ್ ಎಂದರೆ ಎಲ್ಲವೂ ಕಂಪ್ಯೂಟರೇ. ಕಾಲೇಜು ಫೆಸ್ಟ್‌ಗಳ ಪೋಸ್ಟರ್ ಮಾಡಲು ಜಿಂಪ್ ಎಂಬ ಉಚಿತ ತಂತ್ರಾಂಶ ಕಲಿತಿದ್ದೆ. ಒಂದು ಗಂಟೆಯ ಕೆಲಸ ಎಂದುಕೊಂಡು ಒಪ್ಪಿಕೊಂಡೆ. ಎಂಟು ದಿನ ಹಿಡಿಯಿತು.

ಮೊದಲ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ. ಕೆನ್ನೆಯ ಮೇಲ್ಭಾಗದ ಚರ್ಮವನ್ನು ನಕಲು ಮಾಡಿ ಗಡ್ಡದ ಮೇಲೆ ಹಚ್ಚುತ್ತಾ ಹೋದೆ. ಹೀಲ್ ಟೂಲ್ ಸುತ್ತಲಿನ ಬಣ್ಣಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಅದೇ ಇಲ್ಲಿ ಮುಳುವಾಯಿತು. ಗಡ್ಡದ ಅಂಚಿಗೆ ಬಂದ ಕೂಡಲೇ ಪಕ್ಕದ ಕಪ್ಪನ್ನೂ ಎಳೆದುಕೊಂಡು ಮಸಿ ಒರೆಸಿದ ಹಾಗೆ ಕಲೆ ಮಾಡಿತು. ಕಲೆ ಹೋಗಲೆಂದು ಮತ್ತೆ ಮತ್ತೆ ತಿದ್ದಿದಾಗ ಚರ್ಮದ ಸೂಕ್ಷ್ಮ ರಂಧ್ರಗಳೆಲ್ಲ ಅಳಿಸಿಹೋಗಿ ಕೆಳಗಿನ ಅರ್ಧ ಮುಖ ಮೇಣದ ಗೊಂಬೆಯದಾಯಿತು. ದೊಡ್ಡಮ್ಮನಿಗೆ ತೋರಿಸಲಿಲ್ಲ, ಅಪ್ಪನಿಗೆ ತೋರಿಸಿದೆ. ‘ಯಾರೋ ಇದು?’ ಎಂದರು.

ಚರ್ಮದ ಬಣ್ಣ ಮತ್ತು ಚರ್ಮದ ಮೇಲ್ಮೈ ಎರಡನ್ನೂ ಒಟ್ಟಿಗೆ ಸರಿಪಡಿಸಲು ಹೊರಟಿದ್ದೇ ತಪ್ಪಾಗಿತ್ತು. ಜಿಂಪ್‌ನ Filters ಮೆನುವಿನಲ್ಲಿ, Enhance ಕೆಳಗೆ Wavelet-decompose ಎಂಬುದೊಂದಿದೆ. ಅದು ಒಂದು ಫೋಟೊವನ್ನು ಹಲವು ಪದರಗಳಾಗಿ ಬಿಡಿಸಿಕೊಡುತ್ತದೆ. ಮೇಲಿನ ಪದರಗಳಲ್ಲಿ ಕೂದಲು, ರಂಧ್ರ, ಸುಕ್ಕಿನಂಥ ಸಣ್ಣ ವಿವರಗಳಿರುತ್ತವೆ. ತಳದ Residual ಪದರದಲ್ಲಿ ಬಣ್ಣ, ಬೆಳಕು, ನೆರಳು ಮಾತ್ರ ಮಸುಕಾಗಿ ಉಳಿಯುತ್ತವೆ. ಈಗ ತಳದಲ್ಲಿ ಕಪ್ಪನ್ನು ತಿಳಿಗೊಳಿಸುವುದು ಒಂದು ಕೆಲಸ, ಮೇಲೆ ಕೂದಲಿನ ಜಾಗಕ್ಕೆ ರಂಧ್ರಗಳನ್ನು ಕೂರಿಸುವುದು ಇನ್ನೊಂದು ಕೆಲಸ. ರಂಧ್ರಗಳನ್ನು ಹಣೆಯಿಂದ ತರಬಾರದು, ಅಲ್ಲಿ ಅಡ್ಡಗೆರೆಗಳಿವೆ. ಮೂಗಿನದು ತೀರಾ ದೊರಗು. ಗಡ್ಡದ ಗೆರೆಯ ಮೇಲಿನ ಕೆನ್ನೆಯಿಂದಲೇ ತುಣುಕು ತುಣುಕಾಗಿ, ಪ್ರತಿ ಸಲವೂ ಬೇರೆ ಜಾಗದಿಂದ ತರಬೇಕು. ಒಂದೇ ಮಚ್ಚೆ ಮೂರು ಕಡೆ ಕಂಡರೆ ನೋಡುವವರು ಹಿಡಿದೇಬಿಡುತ್ತಾರೆ.

ಇಷ್ಟಾದ ಮೇಲೂ ಫೋಟೊ ಸುಳ್ಳು ಹೇಳುತ್ತಿತ್ತು. ಕಾರಣ ಕುತ್ತಿಗೆಯಲ್ಲಿತ್ತು. ಗಡ್ಡ ಹೋಗಿದೆ, ಗಡ್ಡದ ನೆರಳು ಹಾಗೇ ಇದೆ! ಗಡ್ಡ ದಿನಕ್ಕೆ ಸುಮಾರು 0.3ರಿಂದ 0.4 ಮಿಲಿಮೀಟರ್ ಬೆಳೆಯುತ್ತದೆ. 41 ದಿನಕ್ಕೆ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್. ಗಲ್ಲ ಅಷ್ಟು ಕೆಳಗೆ ಇಳಿದಂತಾಗಿ ನೆರಳೂ ಕೆಳಗೆ ಬಿದ್ದಿತ್ತು. ಕೂದಲ ನಡುವೆ ಬೆಳಕು ನುಸುಳುವುದರಿಂದ ಅದರ ಅಂಚೂ ಮಬ್ಬಾಗಿತ್ತು. ಬೋಳಿಸಿದ ದವಡೆಯ ನೆರಳು ಹಾಗಿರುವುದಿಲ್ಲ.

ಹೇಗಿರುತ್ತದೆ ಎಂದು ಊಹಿಸುವುದಕ್ಕಿಂತ ನೋಡುವುದೇ ವಾಸಿ ಅನ್ನಿಸಿತು. ಅಪ್ಪನದೂ ದೊಡ್ಡಪ್ಪನದೂ ಒಂದೇ ದವಡೆ. ಬೆಳಿಗ್ಗೆ ಶೇವ್ ಮಾಡಿಸಿ, ಬಿಳಿ ಶರ್ಟ್ ತೊಡಿಸಿ, ಅದೇ ಜಗುಲಿಯಲ್ಲಿ ಅದೇ ಕಡೆಗೆ ಮುಖ ಮಾಡಿ ಕೂರಿಸಿದೆ. ‘ನನ್ನನ್ನೂ ಗೋಡೆಗೆ ಹಾಕ್ತೀಯೇನೋ’ ಎಂದು ಗೊಣಗುತ್ತಲೇ ಕೂತರು. ಆ ಫೋಟೊದಲ್ಲಿ ನೆರಳು ದವಡೆಯ ಕೆಳಗೇ ಚೂಪಾಗಿ ಶುರುವಾಗಿ ಕೆಳಕ್ಕೆ ಇಳಿದಂತೆ ಮೆತ್ತಗಾಗಿತ್ತು. ನಾನು ಎಣಿಸಿಯೇ ಇರದ ಇನ್ನೊಂದು ಸಂಗತಿಯೂ ಕಂಡಿತು. ಬಿಳಿ ಶರ್ಟಿನ ಬೆಳಕು ಮೇಲಕ್ಕೆ ಚಿಮ್ಮಿ ಗಲ್ಲದ ಅಡಿಭಾಗವನ್ನು ಸ್ವಲ್ಪ ಬೆಳಗುತ್ತಿತ್ತು. ದೊಡ್ಡಪ್ಪನ ಫೋಟೊದಲ್ಲಿ ಆ ಬೆಳಕನ್ನು ಗಡ್ಡ ನುಂಗಿಬಿಟ್ಟಿತ್ತು.

ಹಳೆಯ ನೆರಳನ್ನು ತಿಳಿಗೊಳಿಸಿ, Multiply ಲೇಯರ್‌ನಲ್ಲಿ ಹೊಸದನ್ನು ಬರೆದೆ. ನೆರಳಿಗೆ ಕಪ್ಪು ಬಣ್ಣ ಹಾಕಿದರೆ ಇದ್ದಿಲು ಬಳಿದಂತೆ ಕಾಣುತ್ತದೆ. ಕಿವಿಯ ಕೆಳಗೆ ಕೂದಲಿಲ್ಲದ ಕಡೆ ನಿಜವಾದ ನೆರಳಿರುತ್ತದಲ್ಲ, ಅಲ್ಲಿಂದಲೇ ಬಣ್ಣ ತೆಗೆದುಕೊಂಡೆ. ಅದು ಕೆಂಪು ಬೆರೆತ ಕಡುಕಂದು.

ಉಳಿದಿದ್ದು ಶೇವ್ ಮಾಡಿದ ಗುರುತು. ಬೋಳಿಸಿದ ಕೆನ್ನೆ ಹಣೆಯಷ್ಟು ನುಣುಪಾಗಿ ಎಂದೂ ಇರುವುದಿಲ್ಲ. ಯೂಟ್ಯೂಬ್‌ನಲ್ಲಿ ಬಿಳಿಯರ ಮುಖಕ್ಕೆ ಬಳಿಯುವ ನೀಲಿ ಛಾಯೆಯನ್ನು ನಮ್ಮ ಬಣ್ಣದ ಚರ್ಮಕ್ಕೆ ಬಳಿದರೆ ಜೀವವೇ ಹೋದಂತಿರುತ್ತದೆ. ನಮಗೆ ಬೇಕಾದ್ದು ಬೂದಿ ಬೆರೆತ ಕಂದು, ಅದೂ ತೆಳುವಾಗಿ. ಆಮೇಲೆ ಮೂರು ಪಿಕ್ಸೆಲ್ ದಪ್ಪದ ಬ್ರಷ್‌ನಲ್ಲಿ ಕುರುಚಲು ಗೀಚಿದೆ. ತೆಂಗಿನ ನಾರು ಅಂಟಿಸಿದಂತಾಯಿತು.

ಆಗ ಲೆಕ್ಕ ಹಾಕಿದೆ. ಫೋಟೊದಲ್ಲಿ ಮುಖದ ಅಗಲ ಸುಮಾರು 900 ಪಿಕ್ಸೆಲ್. ನಿಜವಾದ ಮುಖ 14 ಸೆಂಟಿಮೀಟರ್ ಎಂದುಕೊಂಡರೆ ಒಂದು ಮಿಲಿಮೀಟರಿಗೆ ಆರೂವರೆ ಪಿಕ್ಸೆಲ್ ಸಿಗುತ್ತದೆ. ಗಡ್ಡದ ಕೂದಲು 0.1 ಮಿಲಿಮೀಟರ್ ದಪ್ಪ, ಅಂದರೆ ಒಂದು ಪಿಕ್ಸೆಲ್ಲೂ ಪೂರ್ತಿ ಇಲ್ಲ. ಒಂದು ದಿನದ ಕುರುಚಲಿನ ಉದ್ದ ಎರಡು ಪಿಕ್ಸೆಲ್. ನಾನು ಗೀಚಿದ್ದು ಅರ್ಧ ಮಿಲಿಮೀಟರ್ ದಪ್ಪದ ಕೂದಲು! ಬ್ರಷ್ಷನ್ನು ಒಂದು ಪಿಕ್ಸೆಲ್‌ಗೆ ಇಳಿಸಿ, ಬಣ್ಣವನ್ನು ಅರೆಪಾರದರ್ಶಕವಾಗಿಸಿ, ಚುಕ್ಕಿ ಎಂದೂ ಗೆರೆ ಎಂದೂ ಹೇಳಲಾಗದಷ್ಟು ಸಣ್ಣ ಗುರುತುಗಳನ್ನಿಟ್ಟೆ. ಗಲ್ಲದ ಮೇಲೆ ಹೆಚ್ಚಿನವು ಬಿಳಿ, ಅವರ ಗಡ್ಡ ಅಲ್ಲಿ ನರೆತಿತ್ತು.

ದಿಕ್ಕನ್ನು ಮಾತ್ರ ಮೂಲ ಫೋಟೊವೇ ಹೇಳಿಕೊಟ್ಟಿತು. ಕೆನ್ನೆಯಲ್ಲಿ ಕೂದಲು ಕೆಳಮುಖ, ಗಲ್ಲದಲ್ಲಿ ನೇರ ಕೆಳಕ್ಕೆ. ಕುತ್ತಿಗೆಯಲ್ಲಿ ಹಾಗಲ್ಲ, ಅಲ್ಲಿ ಅನೇಕರಿಗೆ ಮೇಲ್ಮುಖವಾಗಿಯೋ ಅಡ್ಡಡ್ಡವಾಗಿಯೋ ಬೆಳೆಯುತ್ತದೆ. ದೊಡ್ಡಪ್ಪನಿಗೆ ಎಡ ದವಡೆಯ ಕೆಳಗೊಂದು ಸುಳಿಯೇ ಇತ್ತು. ಅಳಿಸುವ ಮೊದಲೇ ಬೇರೆ ಲೇಯರ್‌ನಲ್ಲಿ ಬಾಣದ ಗುರುತು ಹಾಕಿಟ್ಟುಕೊಂಡಿದ್ದರೆ ಎರಡು ದಿನ ಉಳಿಯುತ್ತಿತ್ತು. ಮೀಸೆ ಬಾಯಿಯ ತುದಿಯಲ್ಲಿ ಗಡ್ಡದೊಳಗೆ ಸೇರಿಹೋಗಿತ್ತು. ಅಲ್ಲಿ ಕತ್ತರಿಸಿದಂತೆ ಅಳಿಸದೆ, ಕೂದಲು ಹೋಗುವ ದಿಕ್ಕಿನಲ್ಲೇ ಒಂದೊಂದಾಗಿ ಕಡಿಮೆ ಮಾಡುತ್ತಾ ಬಂದೆ. ಕೊನೆಗೆ, ಹೊಸದಾಗಿ ಬಳಿದ ಜಾಗ ಹೆಚ್ಚು ಶುಭ್ರವಾಗಿ ಎದ್ದು ಕಾಣದಿರಲೆಂದು ಮೊಬೈಲ್ ಫೋಟೊದ ಸಹಜ ಕಾಳಿನಷ್ಟೇ ನಾಯ್ಸ್ ಸೇರಿಸಿದೆ. ಎಡಬಲ ತಿರುಗಿಸಿ ನೋಡಿದೆ. ನೋಡಿ ನೋಡಿ ದಣಿದ ಕಣ್ಣಿಗೆ ಹಾಗೆ ತಿರುಗಿಸಿದಾಗಲೇ ತಪ್ಪು ಕಾಣುವುದು. ಏನೂ ಕಾಣಲಿಲ್ಲ.

ಲ್ಯಾಪ್‌ಟಾಪನ್ನು ದೊಡ್ಡಮ್ಮನ ಮುಂದಿಟ್ಟೆ. ತುಂಬಾ ಹೊತ್ತು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಗಲ್ಲದ ಹತ್ತಿರ ಬೆರಳಿಟ್ಟು, ‘ಕುಡುಗೋಲಿನ ಗಾಯ ಎಲ್ಲೋಯ್ತು?’ ಎಂದರು.

ಗಡ್ಡ ಮುಚ್ಚಿದ್ದನ್ನು ಯಾವ ತಂತ್ರಾಂಶ ತಂದುಕೊಡುತ್ತದೆ? ‘ಅದು ಫೋಟೊದಲ್ಲೇ ಇಲ್ಲ ದೊಡ್ಡಮ್ಮ’ ಎಂದೆ. ‘ಸರಿಯಾಗಿ ನೋಡು. ಅಲ್ಲಿ ಕೂದ್ಲು ಬರ್ತಿರ್ಲಿಲ್ಲ’ ಎಂದರು.

ಮೂಲ ಫೋಟೊ ತೆರೆದು ಹಿಗ್ಗಿಸಿದೆ. ಗಲ್ಲದ ಬಲಕ್ಕೆ, ಬಿಳಿ ಗಡ್ಡದ ನಡುವೆ, ಓರೆಯಾದ ಸಣ್ಣ ಬೈತಲೆಯಂಥ ಗೆರೆ. ಮೊದಲ ದಿನವೇ ಅದನ್ನು ಕಂಡಿದ್ದೆ. ಗಡ್ಡ ಹರಡಿಕೊಂಡಿದೆ ಎಂದುಕೊಂಡು ಮೊದಲು ಅಳಿಸಿದ್ದೂ ಅದನ್ನೇ. ಆ ಗೆರೆಯ ಉದ್ದಕ್ಕೂ ಕುರುಚಲು ತೆಗೆದು, ಸುತ್ತಲಿನ ಚರ್ಮಕ್ಕಿಂತ ಒಂದು ಎಳೆ ತಿಳಿ ಬಣ್ಣ ಕೊಟ್ಟು, ಬೆಳಕು ಬೀಳುವ ಅಂಚನ್ನು ಸ್ವಲ್ಪ ಹೊಳೆಯುವಂತೆ ಮಾಡಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ದೊಡ್ಡಮ್ಮ ಮತ್ತೊಮ್ಮೆ ನೋಡಿ, ಫ್ರೇಮ್‌ಗೆ ಎಷ್ಟಾಗುತ್ತೆ ಎಂದು ಕೇಳಿದರು.